ಪಾರ್ಸೆಲ್ ಎಲ್ಲಿಗೆ ಬಂತು? ಚಾಟ್‌ಬಾಟ್ ಕೇಳಿ ಅಂಗಡಿಯವರು ಬರೆಯುವ ಪತ್ರ

ಸಣ್ಣ ಅಂಗಡಿಯವರು ಚಾಟ್‌ಬಾಟ್ ಬೇಕೆಂದು ಸಾಫ್ಟ್‌ವೇರ್ ಕಂಪನಿಗೆ ಬರೆಯುವ ಪತ್ರ ಸಾಮಾನ್ಯವಾಗಿ ನಾಲ್ಕೇ ಸಾಲಿನದು. ವಾಟ್ಸ್‌ಆ್ಯಪ್‌ನಲ್ಲಿ ದಿನಾ ಬಹಳ ಮೆಸೇಜು ಬರುತ್ತವೆ, ಎಲ್ಲದಕ್ಕೂ ಉತ್ತರ ಕೊಡಲು ಆಗುತ್ತಿಲ್ಲ, ಕನ್ನಡದಲ್ಲಿ ಮಾತಾಡುವ ಚಾಟ್‌ಬಾಟ್ ಹಾಕಿಕೊಡಿ, ರೇಟು ತಿಳಿಸಿ ಎಂದಷ್ಟೇ ಅದರಲ್ಲಿ ಇರುತ್ತದೆ. ಇಂಥ ಪತ್ರಕ್ಕೆ ಬರುವ ಮಾರುತ್ತರವೂ ಅಷ್ಟೇ ಮೊಟಕು. ತಿಂಗಳಿಗೆ ಇಷ್ಟು ರೂಪಾಯಿ ಎಂಬ ದರಪಟ್ಟಿಯ ಜೊತೆಗೆ ಬೇರೆ ಯಾವುದೋ ಅಂಗಡಿಗೆ ಮಾಡಿದ ಬಾಟ್‌ನ ಒಂದು ನಮೂನೆ ಬರುತ್ತದೆ. ಪತ್ರದಲ್ಲಿ ಹೇಳದೆ ಬಿಟ್ಟದ್ದನ್ನೆಲ್ಲ ಕಂಪನಿ ತನಗೆ ತಿಳಿದಂತೆ ಊಹಿಸಿಕೊಳ್ಳುತ್ತದೆ. ಬಾಟ್ ಕೆಲಸ ಶುರು ಮಾಡಿದ ಮೇಲೆ ಗಿರಾಕಿ ‘ನನ್ನ ಪಾರ್ಸೆಲ್ ಎಲ್ಲಿದೆ’ ಎಂದು ಕೇಳಿದರೆ ಅದು ‘ನಮ್ಮ ಅಂಗಡಿಗೆ ಸ್ವಾಗತ’ ಎನ್ನುತ್ತದೆ. ಗಿರಾಕಿ ಆಗ ಫೋನ್ ಮಾಡುತ್ತಾರೆ, ಅಂಗಡಿಯವರ ಕೆಲಸ ಮೊದಲಿಗಿಂತ ಹೆಚ್ಚಾಗುತ್ತದೆ.

ಪ್ರಯೋಜನಕ್ಕೆ ಬರುವ ಪತ್ರ ತಂತ್ರಜ್ಞಾನದ ಮಾತಿನಿಂದ ತುಂಬಿರಬೇಕಾಗಿಲ್ಲ. ಗಿರಾಕಿಗಳು ಏನು ಕೇಳುತ್ತಾರೆ, ಆ ಉತ್ತರ ಅಂಗಡಿಯಲ್ಲಿ ಎಲ್ಲಿ ಬರೆದಿಟ್ಟಿದೆ, ಯಾವ ಮಾತಿಗೆ ಬಾಟ್ ಬಾಯಿ ಹಾಕಬಾರದು ಎಂಬ ಮೂರನ್ನು ಅದು ಬಿಡಿಸಿ ಹೇಳಿದರೆ ಸಾಕು. ಈ ಮೂರೂ ಅಂಗಡಿಯವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಯಾವ ಎಂಜಿನಿಯರೂ ಅವನ್ನು ಹೊರಗಿನಿಂದ ಕಂಡುಹಿಡಿಯಲಾರರು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಇರಬಹುದಾದ ಒಂದು ಚಿಕ್ಕ ಸೀರೆ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಗಡಿ ನೋಡಿಕೊಳ್ಳುವವರು ಮಾಲೀಕರು, ಅವರ ಹೆಂಡತಿ ಮತ್ತು ಪ್ಯಾಕಿಂಗಿಗೆ ಒಬ್ಬ ಹುಡುಗ. ಸೀರೆಗಳ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಸೊಲ್ಲಾಪುರ, ಪುಣೆಯಿಂದ ಆರ್ಡರ್ ಬರುತ್ತವೆ. ಕೆಲವು ಸೀರೆಗಳು ಕಪಾಟಿನಲ್ಲೇ ಇರುತ್ತವೆ, ಕೆಲವನ್ನು ನೇಕಾರರಿಗೆ ಹೇಳಿ ಮಾಡಿಸಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಹಾಗಾಗಿ ಹೇಳಿ ಮಾಡಿಸುವ ಸೀರೆ ಯಾವಾಗ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಮಗ್ಗವೇ ಹೊರತು ಕೊರಿಯರ್ ಅಲ್ಲ. ಈ ಒಂದು ವ್ಯತ್ಯಾಸ ಪತ್ರದಲ್ಲಿ ಇಲ್ಲದಿದ್ದರೆ ಬಾಟ್ ಎಲ್ಲ ಗಿರಾಕಿಗಳಿಗೂ ಕಪಾಟಿನ ಸೀರೆಯ ಲೆಕ್ಕದಲ್ಲೇ ದಿನ ಹೇಳಿಬಿಡುತ್ತದೆ.

ಪತ್ರ ಬರೆಯುವ ಮೊದಲು ಮಾಡಬೇಕಾದ ಕೆಲಸ ಹಳೆಯ ಸಂದೇಶಗಳನ್ನು ಓದುವುದು. ವಾಟ್ಸ್‌ಆ್ಯಪ್‌ನ ಪ್ರತಿ ಚಾಟ್‌ನಲ್ಲೂ ಅದನ್ನು ಫೈಲಾಗಿ ಹೊರತೆಗೆಯುವ ಸೌಲಭ್ಯವಿದೆ, ಪರದೆಯ ಮೇಲೆ ಅದರ ಹೆಸರು Export chat. ಒಂದೆರಡು ವಾರದ ಸಂದೇಶಗಳನ್ನು ಹೀಗೆ ತೆಗೆದು, ಗಿರಾಕಿ ಕೇಳಿದ ಪ್ರಶ್ನೆಗಳನ್ನಷ್ಟೇ ಒಂದು ಹಾಳೆಗೆ ಇಳಿಸಿ, ಒಂದೇ ಥರದವನ್ನು ಒಟ್ಟಿಗೆ ಹಾಕಿದರೆ ಅಂಗಡಿಯವರಿಗೇ ಅಚ್ಚರಿಯಾಗುವಂತೆ ಗುಂಪುಗಳು ಬೆರಳೆಣಿಕೆಗೆ ಇಳಿಯುತ್ತವೆ. ಸೀರೆ ಅಂಗಡಿಯಲ್ಲಿ ಅವು ಹೀಗಿರುತ್ತವೆ: ಪಾರ್ಸೆಲ್ ಎಲ್ಲಿದೆ, ಯಾವಾಗ ಬರುತ್ತದೆ, ಹಣ ಹಾಕಿದ್ದೇನೆ, ಬಂತಾ, ಈ ಫೋಟೊದಲ್ಲಿರುವ ಸೀರೆ ಇದೆಯಾ, ಬೇರೆ ಬಣ್ಣ ಇದೆಯಾ, ವಿಳಾಸ ಬದಲಿಸಬೇಕು, ಸೀರೆಯಲ್ಲಿ ದೋಷವಿದೆ, ಬದಲಿಸಿ ಕೊಡಿ. ಇವುಗಳಲ್ಲಿ ಯಾವುದು ಎಷ್ಟು ಸಲ ಬಂದಿದೆ ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಬೇಕು. ಮೊದಲನೆಯ ಗುಂಪೇ ದೊಡ್ಡದಾಗಿದ್ದರೆ ಬಾಟ್‌ಗೆ ಆರಂಭದಲ್ಲಿ ಅದೊಂದೇ ಕೆಲಸ ಕೊಟ್ಟರೂ ಅಂಗಡಿಯ ಹೊರೆ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕೇಳುವ ಪತ್ರಕ್ಕಿಂತ ಒಂದನ್ನು ಪೂರ್ತಿಯಾಗಿ ಕೇಳುವ ಪತ್ರ ಒಳ್ಳೆಯದು.

ಮುಂದಿನದೇ ಪತ್ರದ ತಿರುಳು. ‘ಪಾರ್ಸೆಲ್ ಎಲ್ಲಿದೆ’ ಎಂಬ ಪ್ರಶ್ನೆಗೆ ಈಗ ಅಂಗಡಿಯವರು ಉತ್ತರ ಕೊಡುವುದು ಹೇಗೆ ಎಂದು ಗಮನಿಸಬೇಕು. ಆರ್ಡರ್ ಒಂದು ನೋಟ್‌ಬುಕ್‌ನಲ್ಲಿದೆ. ಹಣ ಬಂದದ್ದು ಫೋನಿನ ಯುಪಿಐ ಆ್ಯಪ್‌ನಲ್ಲಿದೆ. ಸೀರೆ ಮಗ್ಗದಿಂದ ಇಳಿಯಿತೋ ಇಲ್ಲವೋ ನೇಕಾರರಿಗೆ ಫೋನ್ ಮಾಡಿದರೆ ಗೊತ್ತಾಗುತ್ತದೆ. ಅಂಚಿಗೆ ಫಾಲ್ ಹಚ್ಚಲು ಕೊಟ್ಟದ್ದು ಮನೆಯವರಿಗೆ ನೆನಪಿದೆ. ಕೊರಿಯರ್ ರಸೀದಿ ಗಲ್ಲಾಪೆಟ್ಟಿಗೆಯಲ್ಲಿದೆ. ಮನುಷ್ಯರು ಈ ಐದೂ ಕಡೆ ಕಣ್ಣಾಡಿಸಿ ಒಂದು ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಬಾಟ್‌ಗೆ ನೋಟ್‌ಬುಕ್ ಓದಲು ಬಾರದು, ಗಲ್ಲಾಪೆಟ್ಟಿಗೆ ತೆರೆಯಲು ಬಾರದು. ಉತ್ತರ ಕಂಪ್ಯೂಟರಿನಲ್ಲಿ ಒಂದೇ ಕಡೆ ಇದ್ದರೆ ಮಾತ್ರ ಅದು ಓದಿ ಹೇಳೀತು. ಚಾಟ್‌ಬಾಟ್ ಹಾಕಿಸಿ ನಿರಾಶರಾದ ಅಂಗಡಿಗಳ ಕಥೆ ಬಹುಪಾಲು ಇಲ್ಲೇ ಶುರುವಾಗುತ್ತದೆ. ಬಾಟ್‌ನಲ್ಲಿ ದೋಷವಿರುವುದಿಲ್ಲ, ಅದು ಓದಬೇಕಾದ ಲೆಕ್ಕವೇ ಇರುವುದಿಲ್ಲ.

ಆದ್ದರಿಂದ ಪ್ರತಿ ಆರ್ಡರ್‌ಗೆ ಒಂದು ಸಾಲು ಇರುವ ಪಟ್ಟಿ ಮೊದಲು ಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮೊಬೈಲಿನಲ್ಲೇ ತುಂಬಬಹುದಾದ ಗೂಗಲ್ ಶೀಟ್‌ನಲ್ಲಿ ಇದನ್ನು ಇಡಬಹುದು. ಒಂದು ಸಾಲು ಹೀಗೆ ಕಾಣುತ್ತದೆ:

```
order_no | phone  | item          | status  | updated | awb
1047     | ...321 | ಇಳಕಲ್, 6 ವಾರ | ON_LOOM | 12-06   |
```

ಇಲ್ಲಿ ಮುಖ್ಯವಾದ ಕಾಲಮ್ status. ಆರ್ಡರ್ ಸಾಗುವ ಹಂತಗಳನ್ನು ಅಂಗಡಿಯವರೇ ಹೆಸರಿಸಬೇಕು: ಆರ್ಡರ್ ಬಂದಿದೆ, ಹಣ ಬಂದಿದೆ, ಮಗ್ಗದಲ್ಲಿದೆ, ಫಾಲ್ ಹಚ್ಚಲು ಕೊಟ್ಟಿದೆ, ಪ್ಯಾಕ್ ಆಗಿದೆ, ಕೊರಿಯರ್‌ಗೆ ಕೊಟ್ಟಿದೆ, ತಲುಪಿದೆ. ಕಪಾಟಿನ ಸೀರೆಗೆ ನಡುವಿನ ಎರಡು ಹಂತ ಬೇಕಾಗದೆ ಇರಬಹುದು. ಕೊನೆಯ ಕಾಲಮ್ ಕೊರಿಯರ್‌ನವರು ರಸೀದಿಯಲ್ಲಿ ಕೊಡುವ ಟ್ರ್ಯಾಕಿಂಗ್ ನಂಬರಿಗೆ. ಸ್ಪೀಡ್ ಪೋಸ್ಟ್ ಆಗಿದ್ದರೆ ಅದು 13 ಅಕ್ಷರ-ಅಂಕಿಗಳದು, ಕೊನೆಯಲ್ಲಿ IN ಎಂದಿರುತ್ತದೆ. ಇದರಲ್ಲಿ ಒಂದು ಅಂಕಿ ತಪ್ಪಾದರೂ ಗಿರಾಕಿಗೆ ತನ್ನ ಪಾರ್ಸೆಲ್‌ನ ಸುದ್ದಿ ಸಿಗುವುದಿಲ್ಲ. ಹಾಗಾಗಿ ರಸೀದಿಯ ಬಾರ್‌ಕೋಡನ್ನು ಫೋನಿನ ಕ್ಯಾಮೆರಾದಿಂದಲೇ ಓದಿಸಿ ತುಂಬುವಂತೆ ಮಾಡಿಕೊಡಿ ಎಂದು ಪತ್ರದಲ್ಲಿ ಕೇಳುವುದು ಒಳ್ಳೆಯದು.

ಪಟ್ಟಿ ಇದ್ದರೆ ಸಾಲದು, ಅದನ್ನು ಯಾರು, ಯಾವಾಗ ತುಂಬುತ್ತಾರೆ ಎಂಬುದೂ ತೀರ್ಮಾನವಾಗಬೇಕು. ಸಂಜೆ ಪಾರ್ಸೆಲ್ ಕೊಟ್ಟು ಬಂದ ಹುಡುಗ ಹಂತ ಬದಲಿಸಲು ಮರೆತರೆ ಮರುದಿನ ಬಾಟ್ ‘ನಿಮ್ಮ ಸೀರೆ ಪ್ಯಾಕ್ ಆಗಿದೆ’ ಎಂದೇ ಹೇಳುತ್ತದೆ. ಮನುಷ್ಯರಾದರೆ ಅನುಮಾನ ಬಂದು ಒಮ್ಮೆ ನೋಡಿ ಹೇಳುತ್ತಾರೆ, ಬಾಟ್‌ಗೆ ಅನುಮಾನ ಬರುವುದಿಲ್ಲ. ಅದಕ್ಕಾಗಿಯೇ ಮೇಲಿನ ಸಾಲಿನಲ್ಲಿ updated ಎಂಬ ದಿನಾಂಕದ ಕಾಲಮ್ ಇದೆ. ಯಾವುದೇ ಆರ್ಡರ್ ಒಂದೇ ಹಂತದಲ್ಲಿ ನಿಗದಿತ ದಿನಗಳಿಗಿಂತ ಹೆಚ್ಚು ನಿಂತಿದ್ದರೆ, ಉದಾಹರಣೆಗೆ ‘ಪ್ಯಾಕ್ ಆಗಿದೆ’ ಎಂಬಲ್ಲಿ ಎರಡು ದಿನ ದಾಟಿದರೆ, ಬಾಟ್ ಗಿರಾಕಿಗೆ ಆ ಹಂತವನ್ನು ಹೇಳದೆ ಅಂಗಡಿಯವರ ಗಮನಕ್ಕೆ ತರಬೇಕು. ಇದು ಸಣ್ಣ ನಿಯಮ. ಪತ್ರದಲ್ಲಿ ಬರೆಯದಿದ್ದರೆ ಕಂಪನಿಗೆ ತಾನಾಗಿ ಹೊಳೆಯುವುದು ಕಷ್ಟ.

ಕೇಳುತ್ತಿರುವವರು ಯಾರು ಎಂದು ಬಾಟ್‌ಗೆ ತಿಳಿಯುವುದು ಅವರ ಫೋನ್ ನಂಬರಿನಿಂದ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶದ ಜೊತೆಗೇ ನಂಬರು ಬರುವುದರಿಂದ ಆರ್ಡರ್ ನಂಬರ್ ಕೇಳುವ ಅಗತ್ಯವೇ ಹೆಚ್ಚಿನ ಸಲ ಇರುವುದಿಲ್ಲ. ತೊಡಕು ಬರುವುದು ಉಡುಗೊರೆಯ ಆರ್ಡರ್‌ಗಳಲ್ಲಿ. ಬೆಂಗಳೂರಿನಲ್ಲಿರುವ ಮಗಳು ಹಣ ಹಾಕಿರುತ್ತಾಳೆ, ಸೀರೆ ಊರಿನ ತಾಯಿಗೆ ಹೋಗಬೇಕಿರುತ್ತದೆ, ಪಾರ್ಸೆಲ್ ಬರಲಿಲ್ಲವೆಂದು ಕೇಳುವುದು ತಾಯಿ. ಆ ನಂಬರು ಪಟ್ಟಿಯಲ್ಲಿಲ್ಲ. ಆಗ ಬಾಟ್ ಆರ್ಡರ್ ನಂಬರ್ ಕೇಳಿ ಯಾವ ಹಂತದಲ್ಲಿದೆ ಎಂಬುದನ್ನಷ್ಟೇ ಹೇಳಬಹುದು. ವಿಳಾಸ, ಬೆಲೆ, ಹಣ ಕೊಟ್ಟವರ ಹೆಸರು ಹೇಳಬಾರದು. 1047ರ ಮುಂದಿನ ನಂಬರು 1048 ಎಂದು ಯಾರು ಬೇಕಾದರೂ ಊಹಿಸಬಹುದು. ಆರ್ಡರ್ ನಂಬರ್ ಒಂದನ್ನೇ ನಂಬಿ ವಿಳಾಸ ಹೇಳುವ ಬಾಟ್ ಇಡೀ ಗಿರಾಕಿ ಪಟ್ಟಿಯನ್ನು ಬೀದಿಗೆ ಇಟ್ಟಂತೆ.

ಭಾಷೆಯ ವಿಚಾರಕ್ಕೆ ಬಂದರೆ ‘ಕನ್ನಡ ಗೊತ್ತಿರುವ ಬಾಟ್’ ಎಂದು ಕೇಳುವುದು ಸಾಲದು. ಗಿರಾಕಿಗಳು ಬರೆಯುವುದು ಪುಸ್ತಕದ ಕನ್ನಡವಲ್ಲ, ಎಷ್ಟೋ ಸಲ ಕನ್ನಡ ಲಿಪಿಯೂ ಅಲ್ಲ. ಒಂದೇ ಅಂಗಡಿಗೆ ಒಂದೇ ದಿನ ಇಂಥ ಸಂದೇಶಗಳು ಬರಬಹುದು:

```
nan order yavaga barutte
anna parcel innu bandilla
yavag bartaiti ri seeri
ಪಾರ್ಸಲ್ ಎಲ್ಲಿಗೆ ಬಂತು ಸರ್
amount haakini, nodri
```

ಮೊದಲ ನಾಲ್ಕೂ ಒಂದೇ ಪ್ರಶ್ನೆ. ಎರಡನೆಯದರಲ್ಲಿ ಪ್ರಶ್ನೆಯ ರೂಪವೇ ಇಲ್ಲ, ಇನ್ನೂ ಬಂದಿಲ್ಲ ಎಂಬ ದೂರು ಮಾತ್ರ ಇದೆ. ಮೂರನೆಯದು ಉತ್ತರ ಕರ್ನಾಟಕದ ಮಾತು. ಕೊನೆಯದು ಹಣದ ವಿಚಾರ. ಪಠ್ಯಪುಸ್ತಕದ ‘ನನ್ನ ಆರ್ಡರ್ ಯಾವಾಗ ಬರುತ್ತದೆ?’ ಎಂಬ ವಾಕ್ಯವನ್ನಷ್ಟೇ ಇಟ್ಟುಕೊಂಡು ಪರೀಕ್ಷಿಸಿದ ಬಾಟ್ ಇವುಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂದು ಹೇಳುವಂತಿಲ್ಲ. ವ್ಯಾಪಾರದ ಮಾತಿನಲ್ಲೂ ಮುಗ್ಗರಿಸುವ ಜಾಗಗಳಿವೆ. ‘ಒಂಬತ್ತು ವಾರದ್ದು ಐತೇನ್ರಿ’ ಎಂದರೆ ಸೀರೆ ಅಂಗಡಿಯಲ್ಲಿ ಅದು ಉದ್ದದ ಅಳತೆ. ಮಾಮೂಲು ಕನ್ನಡ ಕಲಿತ ಬಾಟ್ ಅದನ್ನು ಒಂಬತ್ತು ಏಳು ದಿನಗಳೆಂದು ತಿಳಿದು ಡೆಲಿವರಿಯ ದಿನಾಂಕ ಹೇಳಲು ಹೊರಟೀತು. ಟೋಪ ತೆನಿ, ಚಿಕ್ಕಿ, ಗೋಮಿ, ಖಣ ಮುಂತಾದ ಮಾತುಗಳ ಒಂದು ಚಿಕ್ಕ ಪಟ್ಟಿಯನ್ನು ಅರ್ಥ ಸಹಿತ ಪತ್ರಕ್ಕೆ ಲಗತ್ತಿಸಬೇಕು.

ಇದಕ್ಕೆ ಒಂದು ಸರಳ ಉಪಾಯವಿದೆ. ಹಳೆಯ ಚಾಟ್‌ಗಳಿಂದ ನೂರು ನಿಜವಾದ ಸಂದೇಶಗಳನ್ನು ಆರಿಸಿ, ಹೆಸರು, ನಂಬರು, ವಿಳಾಸಗಳನ್ನು ಅಳಿಸಿ, ಪ್ರತಿಯೊಂದರ ಎದುರು ಬಾಟ್ ಏನು ಮಾಡಬೇಕಿತ್ತು ಎಂದು ಬರೆಯುವುದು. ಅವುಗಳಲ್ಲಿ ಐವತ್ತನ್ನು ಪತ್ರದ ಜೊತೆ ಕಳಿಸಬೇಕು. ಉಳಿದ ಐವತ್ತನ್ನು ಕಂಪನಿಗೆ ತೋರಿಸದೆ ಇಟ್ಟುಕೊಳ್ಳಬೇಕು. ಬಾಟ್ ಸಿದ್ಧವಾಯಿತು ಎಂದ ದಿನ ಆ ಐವತ್ತನ್ನು ಒಂದೊಂದಾಗಿ ಟೈಪ್ ಮಾಡಿ ನೋಡಿದರೆ ಬಾಟ್‌ನ ನಿಜವಾದ ಅಳತೆ ಸಿಗುತ್ತದೆ. ಮೊದಲು ಕೊಟ್ಟ ಐವತ್ತಕ್ಕೆ ಸರಿಯುತ್ತರ ಬರುವುದು ದೊಡ್ಡ ಮಾತಲ್ಲ, ಅವನ್ನು ನೋಡಿಕೊಂಡೇ ಬಾಟ್ ಕಟ್ಟಿರುತ್ತಾರೆ.

ಬಾಟ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು ಬಟನ್ ಒತ್ತಿಸುವ ಬಗೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶದ ಕೆಳಗೆ ಉತ್ತರದ ಬಟನ್‌ಗಳು ಹೆಚ್ಚೆಂದರೆ ಮೂರು, ಪಟ್ಟಿಯಾಗಿ ಕೊಟ್ಟರೆ ಹತ್ತು ಸಾಲು. ಗಿರಾಕಿ ‘ಆರ್ಡರ್ ಎಲ್ಲಿದೆ’ ಎಂಬುದನ್ನು ಒತ್ತಿದರೆ ಬಾಟ್ ಪಟ್ಟಿ ನೋಡಿ ಉತ್ತರ ಕೊಡುತ್ತದೆ. ಇದು ತಪ್ಪುವುದು ಕಡಿಮೆ, ಖರ್ಚೂ ಕಡಿಮೆ. ಆದರೆ ಟೈಪ್ ಮಾಡಿಯೇ ಕೇಳುವವರಿಗೆ, ವಾಯ್ಸ್ ಮೆಸೇಜ್ ಕಳಿಸುವವರಿಗೆ ಇದು ಹೊಂದುವುದಿಲ್ಲ. ಇನ್ನೊಂದು, ದೊಡ್ಡ ಭಾಷಾ ಮಾದರಿ ಎಂದು ಕರೆಯುವ ಕೃತಕ ಬುದ್ಧಿಮತ್ತೆಯನ್ನು ಬಳಸುವ ಬಗೆ. ಮೇಲೆ ಹೇಳಿದ ಅಡ್ಡಾದಿಡ್ಡಿ ಬರವಣಿಗೆಯನ್ನು ಇದು ಬಹಳ ಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತದೆ. ಇದರ ಅಪಾಯವೆಂದರೆ ಉತ್ತರ ಗೊತ್ತಿಲ್ಲದಾಗಲೂ ಗೊತ್ತಿರುವಂತೆಯೇ ಹೇಳಬಲ್ಲದು. ಅಂಗಡಿ ಎಂದೂ ಕೊಡದ ರಿಯಾಯಿತಿಯನ್ನು, ಎಂದೂ ಒಪ್ಪದ ವಾಪಸಾತಿಯನ್ನು ಅದು ವಿನಯದಿಂದ ಒಪ್ಪಿಬಿಡಬಹುದು.

ಬಾಟ್ ಆಡಿದ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆ ಕೆನಡಾದಲ್ಲಿ ನ್ಯಾಯಮಂಡಳಿಯವರೆಗೆ ಹೋಗಿದೆ. ಬಂಧುವಿನ ಸಾವಿಗಾಗಿ ಪ್ರಯಾಣ ಮಾಡುವವರಿಗೆ ಸಿಗುವ ರಿಯಾಯಿತಿಯ ಬಗ್ಗೆ ಒಬ್ಬ ಪ್ರಯಾಣಿಕರು 2022ರಲ್ಲಿ ಏರ್ ಕೆನಡಾದ ವೆಬ್‌ಸೈಟಿನಲ್ಲಿದ್ದ ಚಾಟ್‌ಬಾಟ್‌ನಲ್ಲಿ ವಿಚಾರಿಸಿದ್ದರು. ಟಿಕೆಟ್ ಕೊಂಡ 90 ದಿನಗಳೊಳಗೆ ಅರ್ಜಿ ಹಾಕಿದರೂ ಸಿಗುತ್ತದೆ ಎಂದು ಬಾಟ್ ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ, ಪ್ರಯಾಣದ ನಂತರ ಅರ್ಜಿ ಹಾಕಲು ಅವಕಾಶವಿರಲಿಲ್ಲ. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಬೇರೆಯೇ ಘಟಕ ಎಂಬರ್ಥದ ವಾದವನ್ನು ಕಂಪನಿ ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ 2024ರ ಫೆಬ್ರವರಿಯಲ್ಲಿ ಅದನ್ನು ಒಪ್ಪದೆ ಪ್ರಯಾಣಿಕರಿಗೆ ಪರಿಹಾರ ಕೊಡಿಸಿತು. ಅದು ಭಾರತದ ತೀರ್ಪಲ್ಲ. ಆದರೂ ಗಿರಾಕಿಯ ಕಣ್ಣಿಗೆ ಅಂಗಡಿಯ ನಂಬರಿನಿಂದ ಬಂದ ಮಾತು ಅಂಗಡಿಯದೇ ಎಂಬುದರಲ್ಲಿ ಇಲ್ಲಿಗೂ ಅಲ್ಲಿಗೂ ಭೇದವಿಲ್ಲ.

ಎರಡೂ ಬಗೆಗಳ ಗುಣವನ್ನು ಕೂಡಿಸುವ ದಾರಿ ಇದೆ, ಸಣ್ಣ ಅಂಗಡಿಗೆ ಅದೇ ಹೆಚ್ಚು ಸುರಕ್ಷಿತ. ಗಿರಾಕಿ ಏನು ಕೇಳುತ್ತಿದ್ದಾರೆ ಎಂದು ಗುರುತಿಸಲು ಮಾತ್ರ ಭಾಷಾ ಮಾದರಿಯನ್ನು ಬಳಸುವುದು. ಉತ್ತರವನ್ನು ಅಂಗಡಿಯವರು ಮೊದಲೇ ಬರೆದುಕೊಟ್ಟ ವಾಕ್ಯಗಳಿಂದಲೇ ಕೊಡುವುದು. ‘yavag bartaiti ri seeri’ ಎಂಬುದು ಆರ್ಡರ್ ಸ್ಥಿತಿಯ ಪ್ರಶ್ನೆ ಎಂದು ಮಾದರಿ ಹೇಳುತ್ತದೆ. ಆಮೇಲೆ ಸಾಮಾನ್ಯ ಪ್ರೋಗ್ರಾಮು ಆ ಫೋನ್ ನಂಬರಿನ ಸಾಲನ್ನು ಹುಡುಕುತ್ತದೆ. ಸ್ಥಿತಿ ON_LOOM ಎಂದಿದ್ದರೆ ಅದಕ್ಕೆ ಸೇರಿದ ವಾಕ್ಯ ಹೋಗುತ್ತದೆ: ‘ನಿಮ್ಮ 1047 ನಂಬರಿನ ಸೀರೆ ಮಗ್ಗದಲ್ಲಿದೆ. ಮಗ್ಗದಿಂದ ಇಳಿದ ಕೂಡಲೇ ತಿಳಿಸುತ್ತೇವೆ.’ ಇಲ್ಲಿ ಯಂತ್ರ ಕಟ್ಟಿ ಹೇಳಿದ್ದು ಏನೂ ಇಲ್ಲ. ಏಳು ಹಂತಕ್ಕೆ ಏಳು ವಾಕ್ಯ ಬರೆಯಲು ಅಂಗಡಿಯವರಿಗೆ ಒಂದು ಸಂಜೆ ಸಾಕು. ವಾಕ್ಯಗಳು ಅವರದೇ ಮಾತಿನ ರೀತಿಯಲ್ಲಿರುವುದು ಇನ್ನೊಂದು ಲಾಭ. ಬೆಲೆ, ರಿಯಾಯಿತಿ, ತಲುಪುವ ದಿನ, ವಾಪಸಾತಿಯ ನಿಯಮ ಈ ನಾಲ್ಕಕ್ಕೆ ಬಾಟ್ ಸ್ವಂತ ವಾಕ್ಯ ಕಟ್ಟಬಾರದು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಹಣದ ಪ್ರಶ್ನೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗಿರಾಕಿಗಳು ಹಣ ಹಾಕಿದ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಸ್ಕ್ರೀನ್‌ಶಾಟ್ ತಿದ್ದಬಹುದಾದ ಚಿತ್ರ, ಹಣ ಬಂದದ್ದಕ್ಕೆ ಸಾಕ್ಷಿ ಅಲ್ಲ. ಯುಪಿಐ ಪಾವತಿಗೆ 12 ಅಂಕಿಗಳ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಅದು ಅಂಗಡಿಯ ಬ್ಯಾಂಕ್ ಖಾತೆಯ ಜಮಾದಲ್ಲಿ ಕಂಡಾಗಲೇ ಹಣ ಬಂದಿದೆ ಎನ್ನಬಹುದು. ಸ್ಕ್ರೀನ್‌ಶಾಟ್ ನೋಡಿ ‘ಹಣ ತಲುಪಿದೆ, ಧನ್ಯವಾದ’ ಎನ್ನುವ ಬಾಟ್ ಮೋಸಗಾರರಿಗೆ ಸೀರೆ ಕಳಿಸಿಕೊಡುತ್ತದೆ. ಬಾಟ್ ಹೇಳಬೇಕಾದದ್ದು ಇಷ್ಟೇ: ಸ್ಕ್ರೀನ್‌ಶಾಟ್ ಬಂದಿದೆ, ಖಾತೆ ನೋಡಿ ಖಚಿತಪಡಿಸುತ್ತೇವೆ.

ಉಳಿದ ಪ್ರಶ್ನೆಗಳನ್ನು ಮನುಷ್ಯರಿಗೆ ಒಪ್ಪಿಸಬೇಕು. ಒಪ್ಪಿಸುವುದು ಎಂದರೆ ಏನು ಎಂದು ಬಿಡಿಸಿ ಬರೆಯದಿದ್ದರೆ ಇಲ್ಲಿಯೇ ಗಿರಾಕಿ ಕೈತಪ್ಪುತ್ತಾರೆ. ಸೀರೆಯ ಫೋಟೊ ಬಂದರೆ, ದೋಷದ ದೂರು ಬಂದರೆ, ಸಿಟ್ಟಿನ ಮಾತು ಬಂದರೆ, ಒಂದೇ ಪ್ರಶ್ನೆ ಎರಡನೆಯ ಸಲ ಬಂದರೆ ಬಾಟ್ ಸುಮ್ಮನಾಗಬೇಕು. ಮಾಲೀಕರ ಫೋನಿಗೆ ಸೂಚನೆ ಹೋಗಬೇಕು. ಹಿಂದಿನ ಮಾತುಕತೆ ಪೂರ್ತಿ ಅವರಿಗೆ ಕಾಣಬೇಕು, ಇಲ್ಲದಿದ್ದರೆ ಗಿರಾಕಿ ಮೊದಲಿನಿಂದ ಎಲ್ಲ ಹೇಳಬೇಕಾಗುತ್ತದೆ. ಮಾಲೀಕರು ಟೈಪ್ ಮಾಡಲು ಶುರು ಮಾಡಿದ ಮೇಲೆ ಬಾಟ್ ನಡುವೆ ಮಾತಾಡಬಾರದು. ರಾತ್ರಿ ಒಂಬತ್ತರ ಮೇಲೆ ಒಪ್ಪಿಸಿದ್ದಾದರೆ ‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯವರೇ ಉತ್ತರಿಸುತ್ತಾರೆ’ ಎಂದು ಹೇಳಬೇಕು.

ಇಲ್ಲಿ ವಾಟ್ಸ್‌ಆ್ಯಪ್‌ನ ಒಂದು ನಿಯಮ ಅಡ್ಡ ಬರುತ್ತದೆ. ಬಾಟ್ ನಡೆಯುವುದು ಅಂಗಡಿಯವರು ಫೋನಿನಲ್ಲಿ ಬಳಸುವ ಬಿಸಿನೆಸ್ ಆ್ಯಪ್‌ನ ಮೇಲಲ್ಲ, ಸಾಫ್ಟ್‌ವೇರ್‌ಗಳಿಗೆಂದೇ ಇರುವ ವಾಟ್ಸ್‌ಆ್ಯಪ್ ಬಿಸಿನೆಸ್ ಪ್ಲಾಟ್‌ಫಾರ್ಮ್ ಮೇಲೆ. ಅದರಲ್ಲಿ ಗಿರಾಕಿಯ ಕೊನೆಯ ಸಂದೇಶ ಬಂದ 24 ಗಂಟೆಯ ತನಕ ಮಾತ್ರ ಮನಬಂದಂತೆ ಬರೆದು ಕಳಿಸಬಹುದು. ಅದು ದಾಟಿದರೆ ಮೊದಲೇ ಮೆಟಾ ಕಂಪನಿಯ ಒಪ್ಪಿಗೆ ಪಡೆದ ಸಿದ್ಧ ಸಂದೇಶವನ್ನೇ ಕಳಿಸಬೇಕು, ಅದಕ್ಕೆ ಮೆಟಾ ದುಡ್ಡು ಪಡೆಯುತ್ತದೆ. ಶನಿವಾರ ರಾತ್ರಿ ಬಂದ ದೂರನ್ನು ಸೋಮವಾರ ಬೆಳಿಗ್ಗೆ ನೋಡಿದರೆ ಮಾಲೀಕರು ಬರೆದ ಉತ್ತರ ಹೋಗುವುದೇ ಇಲ್ಲ. ಆದ್ದರಿಂದ ಒಪ್ಪಿಸಿದ ಪ್ರಶ್ನೆಗಳಲ್ಲಿ ಗಡುವು ಮುಗಿಯಲು ಬಂದವನ್ನು ಬೇರೆಯಾಗಿ ತೋರಿಸಿ ಎಂದು ಕೇಳಬೇಕು. ‘ನಿಮ್ಮ ಸೀರೆ ಮಗ್ಗದಿಂದ ಇಳಿಯಿತು’, ‘ಕೊರಿಯರ್‌ಗೆ ಕೊಟ್ಟಿದೆ’ ಎಂಬ ಸುದ್ದಿಗಳಿಗೆ ಸಿದ್ಧ ಸಂದೇಶಗಳ ಒಪ್ಪಿಗೆಯನ್ನೂ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಈ ಎರಡು ಸುದ್ದಿ ತಾವಾಗಿ ಹೋದರೆ ‘ಎಲ್ಲಿದೆ’ ಎಂಬ ಪ್ರಶ್ನೆ ಬರುವುದೇ ಕಡಿಮೆಯಾಗುತ್ತದೆ. ಬಾಟ್ ಉತ್ತರಿಸುವುದಕ್ಕಿಂತ ಇದು ಹೆಚ್ಚಿನ ಉಪಕಾರ.

ನಂಬರಿನ ಪ್ರಶ್ನೆಯನ್ನೂ ಪತ್ರದಲ್ಲೇ ಎತ್ತಬೇಕು. ವರ್ಷಗಳಿಂದ ಗಿರಾಕಿಗಳ ಫೋನಿನಲ್ಲಿ ಉಳಿದಿರುವ ನಂಬರನ್ನು ಪ್ಲಾಟ್‌ಫಾರ್ಮ್‌ಗೆ ವರ್ಗಾಯಿಸಿದರೆ ಹಿಂದೆ ಅದೇ ನಂಬರಿನಲ್ಲಿ ಫೋನಿನ ಆ್ಯಪ್ ನಡೆಯುತ್ತಿರಲಿಲ್ಲ. ಈಗ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವ್ಯವಸ್ಥೆ ಬಂದಿದೆ, ಆದರೆ ಎಲ್ಲ ಕಂಪನಿಗಳೂ ಅದನ್ನು ಮಾಡಿಕೊಡುತ್ತವೆ ಎಂದು ಇಟ್ಟುಕೊಳ್ಳುವಂತಿಲ್ಲ. ಖಾತೆ ಅಂಗಡಿಯ ಹೆಸರಿನಲ್ಲೇ ಇರಬೇಕು. ಕಂಪನಿಯ ಹೆಸರಿನಲ್ಲಿದ್ದರೆ ಮುಂದೆ ಅವರನ್ನು ಬಿಡುವ ದಿನ ನಂಬರಿಗಾಗಿ ಅಂಗಲಾಚಬೇಕಾಗುತ್ತದೆ. ಗಿರಾಕಿಗಳ ಹೆಸರು, ವಿಳಾಸ, ಮಾತುಕತೆಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಎಲ್ಲಿ, ಎಷ್ಟು ಕಾಲ ಇಡುತ್ತಾರೆ, ಬೇರೆ ಯಾರಿಗೆ ಕೊಡುತ್ತಾರೆ ಎಂದು ಬರಹದಲ್ಲೇ ಉತ್ತರ ಪಡೆಯಬೇಕು.

ಇಷ್ಟನ್ನು ಯೋಚಿಸಿದ ಮೇಲೆ ಪತ್ರ ಉದ್ದವಾಗುವುದಿಲ್ಲ, ಒಂದೂವರೆ ಪುಟದಲ್ಲಿ ಮುಗಿಯುತ್ತದೆ. ಇಳಕಲ್ಲಿನ ಅಂಗಡಿಯ ಪತ್ರ ಹೀಗಿರಬಹುದು:

ಮಾನ್ಯರೇ,

ವಿಷಯ: ವಾಟ್ಸ್‌ಆ್ಯಪ್‌ನಲ್ಲಿ ಬರುವ ಆರ್ಡರ್ ವಿಚಾರಣೆಗೆ ಚಾಟ್‌ಬಾಟ್ ಒದಗಿಸುವ ಬಗ್ಗೆ.

ನಮ್ಮದು ಇಳಕಲ್ ಸೀರೆಗಳ ಸಣ್ಣ ಅಂಗಡಿ, ಕೆಲಸ ಮಾಡುವವರು ಮೂವರು. ಆರ್ಡರ್‌ಗಳು ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ಕಳೆದ ಎರಡು ವಾರದ ಸಂದೇಶಗಳನ್ನು ವಿಂಗಡಿಸಿದ ಹಾಳೆ ಇದರ ಜೊತೆಗಿದೆ. ಹೆಚ್ಚಿನವರು ಕೇಳುವುದು ತಮ್ಮ ಸೀರೆ ಎಲ್ಲಿದೆ ಎಂದು. ಮೊದಲ ಹಂತದಲ್ಲಿ ಬಾಟ್ ಈ ಒಂದು ಪ್ರಶ್ನೆಗೆ ಉತ್ತರಿಸಿದರೆ ಸಾಕು.

ಪ್ರತಿ ಆರ್ಡರ್‌ನ ಸ್ಥಿತಿ ನಮ್ಮ ಗೂಗಲ್ ಶೀಟ್‌ನಲ್ಲಿದೆ. ಹಂತಗಳು ಏಳು. ಪ್ರತಿ ಹಂತಕ್ಕೆ ಗಿರಾಕಿಗೆ ಹೋಗಬೇಕಾದ ವಾಕ್ಯವನ್ನು ನಾವೇ ಬರೆದು ಲಗತ್ತಿಸಿದ್ದೇವೆ. ಬಾಟ್ ಆ ವಾಕ್ಯಗಳನ್ನೇ ಕಳಿಸಬೇಕು. ಬೆಲೆ, ರಿಯಾಯಿತಿ, ತಲುಪುವ ದಿನ, ವಾಪಸಾತಿ ಇವುಗಳ ಬಗ್ಗೆ ಸ್ವಂತವಾಗಿ ಏನೂ ಹೇಳಬಾರದು. ಹಣ ಬಂದಿದೆ ಎಂದು ಸ್ಕ್ರೀನ್‌ಶಾಟ್ ನೋಡಿ ಹೇಳಬಾರದು. ಒಂದೇ ಹಂತದಲ್ಲಿ ಹೆಚ್ಚು ದಿನ ನಿಂತ ಆರ್ಡರ್ ಬಗ್ಗೆ ಗಿರಾಕಿ ಕೇಳಿದರೆ ನಮಗೆ ತಿಳಿಸಬೇಕು. ಎಷ್ಟು ದಿನ ಎಂಬ ಪಟ್ಟಿ ಜೊತೆಗಿದೆ.

ಪಟ್ಟಿಯಲ್ಲಿಲ್ಲದ ಫೋನಿನಿಂದ ಕೇಳಿದರೆ ಆರ್ಡರ್ ನಂಬರ್ ಪಡೆದು ಹಂತವನ್ನಷ್ಟೇ ಹೇಳಬೇಕು, ವಿಳಾಸ ಹೇಳಬಾರದು.

ಗಿರಾಕಿಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿಯೂ ಬರೆಯುತ್ತಾರೆ, ಕೆಲವರು ಮರಾಠಿಯಲ್ಲಿ ಬರೆಯುತ್ತಾರೆ. 50 ನಿಜವಾದ ಸಂದೇಶಗಳನ್ನೂ ನಮ್ಮ ವ್ಯಾಪಾರದ ಮಾತುಗಳ ಪಟ್ಟಿಯನ್ನೂ ಕಳಿಸಿದ್ದೇವೆ. ಪರೀಕ್ಷೆಯನ್ನು ಬೇರೆ 50 ಸಂದೇಶಗಳಲ್ಲಿ ನಾವೇ ಮಾಡುತ್ತೇವೆ. ಅರ್ಥವಾಗದ್ದನ್ನು ಬಾಟ್ ನಮಗೆ ಒಪ್ಪಿಸಿದರೆ ಅದನ್ನು ತಪ್ಪೆಂದು ಎಣಿಸುವುದಿಲ್ಲ, ತಪ್ಪು ಉತ್ತರ ಕೊಟ್ಟರೆ ಎಣಿಸುತ್ತೇವೆ.

ಫೋಟೊ, ವಾಯ್ಸ್ ಮೆಸೇಜ್, ದೂರು, ಎರಡನೆಯ ಸಲ ಕೇಳಿದ ಪ್ರಶ್ನೆ ಇವು ನಮ್ಮ ಫೋನಿಗೆ ಬರಬೇಕು. 24 ಗಂಟೆಯ ಗಡುವು ಹತ್ತಿರವಾದವು ಮೇಲೆ ಕಾಣಬೇಕು.

ಈ ಕೆಳಗಿನವನ್ನು ತಿಳಿಸಿ: ನಮ್ಮ ಈಗಿನ ನಂಬರಿನಲ್ಲೇ ಫೋನಿನ ಆ್ಯಪ್ ಜೊತೆಗೆ ಬಾಟ್ ನಡೆಯುತ್ತದೆಯೇ, ಖಾತೆ ನಮ್ಮ ಹೆಸರಿನಲ್ಲಿರುತ್ತದೆಯೇ, ನಿಮ್ಮ ತಿಂಗಳ ಶುಲ್ಕ ಎಷ್ಟು, ಮೆಟಾಕ್ಕೆ ಕೊಡಬೇಕಾದ್ದು ಎಷ್ಟು, ಎರಡನ್ನೂ ಬೇರೆ ಬೇರೆಯಾಗಿ, ಗಿರಾಕಿಗಳ ಮಾಹಿತಿ ಎಲ್ಲಿ ಇರುತ್ತದೆ, ನಿಮ್ಮ ಸೇವೆ ಬಿಟ್ಟರೆ ಎಲ್ಲ ಮಾತುಕತೆ ನಮಗೆ ಫೈಲಾಗಿ ಸಿಗುತ್ತದೆಯೇ.

ಇಂತಿ ತಮ್ಮ ವಿಶ್ವಾಸಿ,
(ಅಂಗಡಿಯ ಮಾಲೀಕರು)

ಪತ್ರದಲ್ಲಿ ಗಮನಿಸಬೇಕಾದ ಒಂದು ವಾಕ್ಯ ಪರೀಕ್ಷೆಯದು. ಅರ್ಥವಾಗಲಿಲ್ಲವೆಂದು ಒಪ್ಪಿಸುವುದನ್ನೂ ತಪ್ಪೆಂದು ಎಣಿಸಿದರೆ, ಕಂಪನಿಯವರು ಬಾಟ್ ಎಲ್ಲದಕ್ಕೂ ಏನಾದರೂ ಉತ್ತರ ಕೊಡುವಂತೆ ಕಟ್ಟುತ್ತಾರೆ. ಸೀರೆ ಅಂಗಡಿಗೆ ಅದು ಬೇಡ. ಐವತ್ತರಲ್ಲಿ ಮೂವತ್ತೈದಕ್ಕೆ ಸರಿಯುತ್ತರ ಕೊಟ್ಟು ಹದಿನೈದನ್ನು ಮಾಲೀಕರಿಗೆ ಒಪ್ಪಿಸುವ ಬಾಟ್, ನಲವತ್ತೈದಕ್ಕೆ ಸರಿಯುತ್ತರ ಕೊಟ್ಟು ಐದು ಗಿರಾಕಿಗಳಿಗೆ ಸುಳ್ಳು ಹೇಳುವ ಬಾಟ್‌ಗಿಂತ ಮೇಲು.

ಈ ಪತ್ರಕ್ಕೆ ಬರುವ ಮಾರುತ್ತರವೇ ಕಂಪನಿಯನ್ನು ಅಳೆಯುವ ಸಾಧನವಾಗುತ್ತದೆ. ‘ಎಲ್ಲವೂ ಆಗುತ್ತದೆ’ ಎಂದು ಮಾತ್ರ ಬರೆದವರು ಲಗತ್ತಿಸಿದ ಹಾಳೆಗಳನ್ನು ಓದಿರಲಾರರು. ಓದಿದವರು ಮರುಪ್ರಶ್ನೆ ಕೇಳುತ್ತಾರೆ. ಒಬ್ಬರೇ ಗಿರಾಕಿಯ ಮೂರು ಆರ್ಡರ್‌ಗಳು ಒಂದೇ ನಂಬರಿನಲ್ಲಿದ್ದರೆ ಯಾವುದರ ಸ್ಥಿತಿ ಹೇಳಬೇಕು? ಎರಡು ಸೀರೆಯ ಆರ್ಡರ್‌ನಲ್ಲಿ ಒಂದು ಪ್ಯಾಕ್ ಆಗಿ ಇನ್ನೊಂದು ಮಗ್ಗದಲ್ಲಿದ್ದರೆ ಶೀಟ್‌ನಲ್ಲಿ ಒಂದು ಸಾಲೋ ಎರಡೋ? ಮರಾಠಿಯಲ್ಲಿ ಕೇಳಿದವರಿಗೆ ಉತ್ತರ ಯಾವ ಭಾಷೆಯಲ್ಲಿ? ಇವಕ್ಕೆ ಅಂಗಡಿಯವರು ಉತ್ತರ ಬರೆದು ಕಳಿಸಿದ ಮೇಲೆ ಕೆಲಸ ಶುರುವಾಗಬಹುದು.

ಬಾಟ್ ಬಂದ ಮೇಲಿನ ಮೊದಲ ತಿಂಗಳು ಅಂಗಡಿಯವರು ವಾರಕ್ಕೊಮ್ಮೆ ಎರಡು ಪಟ್ಟಿ ನೋಡಬೇಕು: ಬಾಟ್ ಅರ್ಥವಾಗದೆ ಒಪ್ಪಿಸಿದ ಸಂದೇಶಗಳು, ಮತ್ತು ಬಾಟ್ ಉತ್ತರ ಕೊಟ್ಟ ಮೇಲೂ ಒಂದು ಗಂಟೆಯೊಳಗೆ ಮತ್ತೆ ಬರೆದ ಅಥವಾ ಫೋನ್ ಮಾಡಿದ ಗಿರಾಕಿಗಳು. ಮೊದಲನೆಯ ಪಟ್ಟಿಯಿಂದ ಬಾಟ್ ಕಲಿಯಬೇಕಾದ ಹೊಸ ಮಾತುಗಳು ಸಿಗುತ್ತವೆ. ಎರಡನೆಯದರಲ್ಲಿ ಕಾಣುವುದು ಹೆಚ್ಚಾಗಿ ಬಾಟ್‌ನ ದೋಷವಲ್ಲ, ಶೀಟ್‌ನಲ್ಲಿ ಹಂತ ಬದಲಿಸಲು ಮರೆತ ಆರ್ಡರ್‌ಗಳು. ಅವು ಕಡಿಮೆಯಾಗುತ್ತ ಬಂದರೆ, ಹಾಳೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಪ್ರಶ್ನೆಯನ್ನು ಬಾಟ್‌ಗೆ ಸೇರಿಸಲು ಕಂಪನಿಗೆ ಇನ್ನೊಂದು ಪತ್ರ ಬರೆಯಬಹುದು.